ಅಸೆಂಬ್ಲಿಯಲ್ಲಿ ಹೃದಯದ ಮಾತು: ಮೊದಲು ನಾಡಿ ಹಿಡಿಸಿ

ಹೃದಯದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಅಂತ ಶಾಲೆಯ ಅಸೆಂಬ್ಲಿಗೆ ಕರೆದರೆ, ಮಾತಾಡಲು ಬರುವ ಈಗಿನ ಹುಡುಗ ಹುಡುಗಿಯರು ಕೈಯಲ್ಲಿ ಹಾಳೆ ಹಿಡಿದು ಬಂದುಬಿಡುತ್ತಾರೆ. ಕೊಲೆಸ್ಟ್ರಾಲ್ ಅಂತಾರೆ, ಅಪಧಮನಿ ಅಂತಾರೆ, ಕೊನೆಗೆ ಹೃದಯಾಘಾತದ ಚಿತ್ರ ತೋರಿಸಿ ಹೆದರಿಸುತ್ತಾರೆ. ಎಂಟು ವರ್ಷದ ಮಗುವಿಗೆ ಐವತ್ತರಲ್ಲಿ ಬರುವ ಕಾಯಿಲೆ ಹೇಳಿದರೆ ಅದು ತನ್ನದು ಅಂತ ಅದಕ್ಕೆ ಅನಿಸುವುದೇ ಇಲ್ಲ. ಹೃದಯ ತನ್ನೊಳಗೆ ಈಗಲೇ ಬಡಿಯುತ್ತಿದೆ ಅಂತ ಮೊದಲು ಅದರ ಬೆರಳಿಗೆ ಗೊತ್ತಾಗಬೇಕು. ಅದಕ್ಕೇ ಮಾತಿಗಿಂತ ಮೊದಲು ನಾಡಿ ಹಿಡಿಸಿ ಅನ್ನುವುದು.

ಅದನ್ನೂ ಅಚ್ಚುಕಟ್ಟಾಗಿ ಮಾಡಿಸಬೇಕು. ಮಕ್ಕಳನ್ನು ಕೂರಿಸಿ, ಓಡಿ ಬಂದವರ ಏದುಸಿರು ಇಳಿಯುವವರೆಗೆ ಸುಮ್ಮನಿರಿಸಿ. ಎಡ ಅಂಗೈ ಮೇಲಕ್ಕೆ ಇರಲಿ. ಹೆಬ್ಬೆರಳಿನ ಬುಡದಿಂದ ಕೆಳಗೆ ಜಾರಿದರೆ ಮಣಿಕಟ್ಟಿನ ಗೆರೆ ದಾಟಿದ ಕೂಡಲೇ, ಹೆಬ್ಬೆರಳಿನ ಬದಿಯಲ್ಲೇ, ಒಂದು ಸಣ್ಣ ತಗ್ಗು ಸಿಗುತ್ತದೆ. ಅಲ್ಲಿ ಬಲಗೈಯ ತೋರುಬೆರಳು ಮತ್ತು ಮಧ್ಯದ ಬೆರಳು ಇಡಿಸಿ. ಹೆಬ್ಬೆರಳಿನಲ್ಲಿ ಹಿಡಿಯಲು ಬಿಡಲೇಬೇಡಿ. ಅದಕ್ಕೆ ಅದರದೇ ಬಡಿತ ಇರುವುದರಿಂದ ಮಗು ಯಾವುದನ್ನು ಎಣಿಸುತ್ತಿದೆ ಅಂತ ಅದಕ್ಕೇ ತಿಳಿಯುವುದಿಲ್ಲ. ಇನ್ನು ಒತ್ತುವುದು ಎಷ್ಟು? ಹಣ್ಣು ಕಳಿತಿದೆಯೇ ಅಂತ ನೋಡುವಾಗ ಒತ್ತುತ್ತೀರಲ್ಲ, ಅಷ್ಟೇ. ಜೋರಾಗಿ ಒತ್ತಿದರೆ ರಕ್ತನಾಳ ಮುಚ್ಚಿಕೊಂಡು ಬಡಿತವೇ ಮಾಯವಾಗುತ್ತದೆ. 'ನನಗೆ ಸಿಗ್ತಿಲ್ಲ ಮಿಸ್' ಅನ್ನುವ ಮಕ್ಕಳಲ್ಲಿ ಹೆಚ್ಚಿನವರು ಹೀಗೆ ಒತ್ತಿ ಹಿಡಿದವರೇ. ಬೆರಳು ತಣ್ಣಗಿದ್ದರೆ ಉಜ್ಜಿಕೊಳ್ಳಲಿ. ಆಗಲೂ ಸಿಗದಿದ್ದರೆ ಎದೆಯ ಎಡಭಾಗಕ್ಕೆ ಅಂಗೈ ಇಟ್ಟುಕೊಳ್ಳಲಿ. ಕುತ್ತಿಗೆಯ ಎರಡೂ ಕಡೆ ಒಟ್ಟಿಗೆ ಒತ್ತಿಕೊಳ್ಳುವ ಆಟ ಮಾತ್ರ ಬೇಡ, ತಲೆ ಸುತ್ತು ಬರುತ್ತದೆ.

ಗಡಿಯಾರ ನಿಮ್ಮ ಕೈಯಲ್ಲಿರಲಿ. 'ಶುರು' ಅಂದು 15 ಸೆಕೆಂಡಿಗೆ 'ನಿಲ್ಲಿಸಿ' ಅನ್ನಿ. ಬಂದದ್ದನ್ನು ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ. ಒಂದು ಮಗು 22 ಎಣಿಸಿತು ಅನ್ನಿ, ನಿಮಿಷಕ್ಕೆ 88. ಈಗ ಎಲ್ಲರೂ ನಿಂತಲ್ಲೇ ಒಂದು ನಿಮಿಷ ಕುಪ್ಪಳಿಸಲಿ, ನಿಲ್ಲಿಸಿದ ತಕ್ಷಣ ಮತ್ತೆ ಎಣಿಸಲಿ. ತಡ ಮಾಡಿದರೆ ಬಡಿತ ಇಳಿದುಬಿಡುತ್ತದೆ, ನಿಮ್ಮ ಪಾಠವೂ ಅದರ ಜೊತೆಗೇ ಹೋಯಿತು. ಅದೇ ಮಗುವಿಗೆ ಈಗ 36 ಬಂದರೆ 144 ಆಯಿತು. ಎರಡು ನಿಮಿಷ ಕೂರಿಸಿ ಮೂರನೆಯ ಸಲ ಎಣಿಸಿದಾಗ 25, ಅಂದರೆ 100. ಏರಿತು, ಇಳಿಯತೊಡಗಿತು. ಮಕ್ಕಳು ಕಾಣಬೇಕಾದದ್ದು ಇದನ್ನೇ. ಯಾರದು ಹೆಚ್ಚು, ಯಾರದು ಕಡಿಮೆ ಅಂತ ಪೈಪೋಟಿ ಹಚ್ಚಬೇಡಿ. ಸುಮ್ಮನೆ ಕೂತ ಶಾಲಾ ಮಕ್ಕಳಲ್ಲಿ ಒಬ್ಬರಿಗೆ 75, ಇನ್ನೊಬ್ಬರಿಗೆ 105 ಇರಬಹುದು, ಎರಡೂ ಸರಿಯೇ. ಒಮ್ಮೆ ಬೇಗ, ಒಮ್ಮೆ ನಿಧಾನ ಬಡಿಯುತ್ತಿದೆ ಅಂತ ಯಾವುದಾದರೂ ಮಗು ಹೇಳಿದರೆ ಗಾಬರಿ ಬೀಳಿಸಬೇಡಿ. ಉಸಿರು ಎಳೆದಾಗ ಚುರುಕು, ಬಿಟ್ಟಾಗ ನಿಧಾನ ಆಗುವುದು ಮಕ್ಕಳಲ್ಲಿ ಸಹಜ. ಆದರೆ ಎದೆ ನೋಯುತ್ತದೆ, ಕಣ್ಣು ಕತ್ತಲೆ ಬರುತ್ತದೆ ಅಂದರೆ ಆಟ ಅಲ್ಲಿಗೇ ನಿಲ್ಲಿಸಿ ಮನೆಯವರಿಗೆ ತಿಳಿಸಿ, ವೈದ್ಯರು ನೋಡಲಿ. ಜ್ವರದಿಂದ ಎದ್ದವರು, ದಮ್ಮು ಇರುವವರು, ಹೃದಯದ ತೊಂದರೆ ಇರುವವರು ಯಾರು ಅಂತ ಹಿಂದಿನ ದಿನವೇ ತರಗತಿಯ ಶಿಕ್ಷಕರನ್ನು ಕೇಳಿಟ್ಟುಕೊಳ್ಳಿ. ಅವರನ್ನು ಎಲ್ಲರೆದುರು ಬೇರೆ ಮಾಡದೆ, ಗಡಿಯಾರ ನೋಡುವ ಕೆಲಸ ಕೊಟ್ಟರಾಯಿತು.

ಇಷ್ಟಾದರೆ ಆಟದ ಬಗ್ಗೆ ಭಾಷಣವೇ ಬೇಡ. ಹೀಗೆ ದಿನವೂ ಏರಿ ಇಳಿಯುವ ಹೃದಯ ಗಟ್ಟಿಯಾಗುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ ಅನ್ನಿ. ಉಸಿರು ಚುರುಕಾಗುವಂಥ ಆಟ, ಓಡಾಟ ದಿನಕ್ಕೆ 60 ನಿಮಿಷ ಬೇಕು, ಒಟ್ಟಿಗೇ ಆಗಬೇಕಿಲ್ಲ. ಶಾಲೆಯ ಬಿಡುವಿನಲ್ಲಿ 15, ಬಿರುಸಾಗಿ ನಡೆದು ಹೋಗಿಬರುವುದರಲ್ಲಿ 15, ಸಂಜೆ ಅರ್ಧ ಗಂಟೆ. ಹಿಂದೆಲ್ಲ ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಮನೆಯೊಳಗೆ ಎಳೆದು ತರುವುದೇ ಒಂದು ಕೆಲಸವಾಗಿತ್ತು. ಈಗ ಹೊರಗೆ ಕಳಿಸುವುದು ಕೆಲಸವಾಗಿದೆ.

ತಂಬಾಕಿನ ಮಾತನ್ನು ಕೊನೆಗೆ ಎಸೆದು ಹೋಗುವುದು ಇನ್ನೊಂದು ತಪ್ಪು. ನಾಡಿ ಇನ್ನೂ ಬೆರಳ ತುದಿಯಲ್ಲಿರುವಾಗಲೇ ಹೇಳಿ: ಕುಪ್ಪಳಿಸಿದಾಗ ಬಡಿತ ಏರಿದ್ದು ಮೈಗೆ ಕೆಲಸ ಇತ್ತು ಅಂತ. ತಂಬಾಕಿನ ನಿಕೋಟಿನ್ ಮೈಗೆ ಹೋದರೆ ಕೂತಲ್ಲೇ ಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಹೃದಯ ಓಡುತ್ತದೆ, ಮೈಗೆ ಆಟದ ಲಾಭ ಮಾತ್ರ ಇಲ್ಲ. ಹೊಗೆಯ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ, ಹೃದಯಕ್ಕೆ ಇನ್ನಷ್ಟು ದುಡಿಮೆ. ಜಗಿಯುವುದರಲ್ಲಿ ಹೊಗೆ ಇಲ್ಲ ನಿಜ, ನಿಕೋಟಿನ್ ಇದ್ದೇ ಇದೆ. ಅಷ್ಟು ಹೇಳಿ ಇಬ್ಬರನ್ನು ಮುಂದೆ ಕರೆದು 'ಒಂದ್ಸಲ ನೋಡೋ, ಏನಾಗಲ್ಲ' ಅನ್ನುವ ಗೆಳೆಯನಿಗೆ ಉತ್ತರ ಹೇಳಿಸಿ. 'ಬೇಡ, ನನಗೆ ಆಟ ಇದೆ' ಅಂದು ಅಲ್ಲಿಂದ ಹೊರಡುವುದು, ಅಷ್ಟೇ. ವಾದಕ್ಕೆ ನಿಂತ ಮಗು ಸೋಲುತ್ತದೆ, ನಡೆದು ಹೋದ ಮಗು ಪಾರಾಗುತ್ತದೆ. ಬಾಯಿಬಿಟ್ಟು ಒಮ್ಮೆ ಹೇಳಿ ರೂಢಿಯಾಗಿದ್ದರೆ ಬೇಕಾದಾಗ ಮಾತು ತಾನಾಗಿ ಬರುತ್ತದೆ.

ತಿನ್ನುವುದರ ಬಗ್ಗೆ ಹೇಳುವುದಕ್ಕೆ ಕುರುಕಲು ತಿಂಡಿಯ ಒಂದು ಖಾಲಿ ಪೊಟ್ಟಣ ಸಾಕು. ಹಿಂಬದಿಯಲ್ಲಿ ಸೋಡಿಯಂ ಎಷ್ಟಿದೆ ನೋಡಿ, ಎರಡೂವರೆಯಿಂದ ಗುಣಿಸಿದರೆ ಉಪ್ಪು. ಅಲ್ಲಿ 100 ಗ್ರಾಂಗೆ 800 ಮಿಲಿಗ್ರಾಂ ಅಂತ ಬರೆದಿದ್ದು, ಪೊಟ್ಟಣ 50 ಗ್ರಾಂ ಇದ್ದರೆ 400 ಮಿಲಿಗ್ರಾಂ ಸೋಡಿಯಂ, ಅಂದರೆ 1 ಗ್ರಾಂ ಉಪ್ಪು. ದೊಡ್ಡವರಿಗೇ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತಾರೆ, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಸಿಹಿ ಪಾನೀಯಕ್ಕೆ ಇನ್ನೂ ಸುಲಭ, ಸಕ್ಕರೆಯ ಗ್ರಾಂಗಳನ್ನು ನಾಲ್ಕರಿಂದ ಭಾಗಿಸಿ ಅಷ್ಟು ಚಮಚ ಸಕ್ಕರೆಯನ್ನು ಗಾಜಿನ ಲೋಟಕ್ಕೆ ಸುರಿದು ತೋರಿಸಿ. ಹಸಿವಾದರೆ ಹಣ್ಣು, ಕಾಳು, ಬಾಯಾರಿದರೆ ನೀರು.

ನಿದ್ದೆಗೆ ಗಂಟೆ ಹೇಳಿ, 'ಬೇಗ ಮಲಗಿ' ಅಂದರೆ ಯಾರ ಕಿವಿಗೂ ಹೋಗುವುದಿಲ್ಲ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13 ದಾಟಿದವರಿಗೆ 8ರಿಂದ 10. ಬೆಳಿಗ್ಗೆ 6ಕ್ಕೆ ಏಳುವ ಹತ್ತು ವರ್ಷದ ಮಗು ರಾತ್ರಿ 9ಕ್ಕೆ ಕಣ್ಣು ಮುಚ್ಚಿರಬೇಕು, ಹಾಗಾಗಿ 8ಕ್ಕೇ ಮೊಬೈಲು ಬೇರೆ ಕೋಣೆಗೆ. ರಾತ್ರಿಯ ಗಾಢ ನಿದ್ದೆಯಲ್ಲೇ ಬಡಿತವೂ ರಕ್ತದೊತ್ತಡವೂ ಇಳಿದು ಹೃದಯಕ್ಕೆ ಬಿಡುವು ಸಿಗುವುದು.

ಸಭೆ ಮುಗಿದ ಮೇಲೆ ಐದು ನಿಮಿಷ ಅಲ್ಲೇ ನಿಲ್ಲಿ. 'ನಮ್ಮಪ್ಪ ಸೇದ್ತಾರೆ' ಅಂತ ತಲೆ ತಗ್ಗಿಸಿ ಬರುವ ಮಗು ಇದ್ದೇ ಇರುತ್ತದೆ. ಅಪ್ಪ ಕೆಟ್ಟವರು ಅನ್ನುವ ಅರ್ಥ ಬರುವಂತೆ ಮಾತಾಡಬೇಡಿ, ಬಿಡಿಸುವ ಹೊರೆಯನ್ನೂ ಆ ಮಗುವಿನ ತಲೆಗೆ ಹಾಕಬೇಡಿ. ನಿಕೋಟಿನ್ ಹಿಡಿದರೆ ಬಿಡುವುದು ದೊಡ್ಡವರಿಗೂ ಕಷ್ಟ, ಅದಕ್ಕೆ ವೈದ್ಯರ ಸಹಾಯ ಸಿಗುತ್ತದೆ ಅಂತ ತಿಳಿಸಿ. ಕಿಟಕಿ ತೆರೆದರೆ ಹೊಗೆ ಪೂರ್ತಿ ಹೋಗುವುದಿಲ್ಲ, ಆದ್ದರಿಂದ ಸೇದುವಾಗ ಆ ಕೋಣೆಯಿಂದ, ಆ ಕಾರಿನಿಂದ ಹೊರಗೆ ಬಾ ಅನ್ನಿ. ಸೇದುವುದನ್ನು ಬಿಟ್ಟು ಒಂದು ವರ್ಷವಾದರೆ ಹೃದಯದ ರಕ್ತನಾಳದ ಕಾಯಿಲೆಯ ಹೆಚ್ಚುವರಿ ಅಪಾಯ ಅರ್ಧದಷ್ಟು ಇಳಿಯುತ್ತದೆ. ಈ ಒಂದು ಸಾಲನ್ನು ಚೀಟಿಯಲ್ಲಿ ಬರೆದು, ಮಗು ಕೇಳಿದರೆ ಮಾತ್ರ, ಕೈಗೆ ಕೊಡಿ.