ರೆಸ್ಯೂಮ್ ಕಳಿಸಲು ವಾಟ್ಸಾಪ್‌ನಲ್ಲಿ ‘ಆಗಲಿ’ ಎನ್ನುವುದನ್ನು ಬಿಟ್ಟೆ

ಬೆಂಗಳೂರಿನಲ್ಲಿ ಟೆಸ್ಟಿಂಗ್ ಕೆಲಸ ಬದಲಿಸಲು ಹೊರಟಾಗ ಒಂದು ಕನ್ಸಲ್ಟೆನ್ಸಿಯಿಂದ ವಾಟ್ಸಾಪ್ ಸಂದೇಶ ಬಂತು: ‘ಒಳ್ಳೆಯ ಕಂಪನಿ ಇದೆ ಸರ್, ರೆಸ್ಯೂಮ್ ಕಳಿಸಲೇ?’ ‘ಆಗಲಿ’ ಎಂದೆ. ಕಂಪನಿ ಯಾವುದೆಂದು ಕೇಳಲಿಲ್ಲ. ಮರುವಾರ ಇನ್ನೊಂದು ಕನ್ಸಲ್ಟೆನ್ಸಿಯವರು ಕಂಪನಿಯ ಹೆಸರು ಹೇಳಿ ಕೇಳಿದರು, ಅವರಿಗೂ ಒಪ್ಪಿದೆ. ಎರಡೂ ಒಂದೇ ಕಂಪನಿ! ಒಬ್ಬನ ರೆಸ್ಯೂಮ್ ಇಬ್ಬರಿಂದ ಬಂದಾಗ ಕಮಿಷನ್ ಯಾರಿಗೆ ಎಂಬ ಜಗಳ ಏಳುತ್ತದೆ. ಆ ಕಂಪನಿ ನನ್ನ ಹೆಸರನ್ನೇ ಕೈಬಿಟ್ಟಿತು. ಯಾರಿಗೆ ಒಪ್ಪಿಗೆ ಕೊಟ್ಟಿದ್ದೆನೆಂದು ತೋರಿಸಲು ನನ್ನಲ್ಲಿ ಇದ್ದುದು ಆ ಒಂದೇ ಪದ.

ಈಗ ಒಪ್ಪಿಗೆ ಕೊಡುವುದು ಇಮೇಲ್‌ನಲ್ಲಿ ಮಾತ್ರ. ಕಂಪನಿಯ ಹೆಸರು, ಹುದ್ದೆ, ಊರು ಇರುವ ಮೇಲ್ ಬಂದ ಮೇಲೆ ಹೀಗೆ ಉತ್ತರಿಸುತ್ತೇನೆ: ‘ಈ ಕಂಪನಿಯ ಈ ಒಂದು ಹುದ್ದೆಗೆ ಮಾತ್ರ ನನ್ನ ರೆಸ್ಯೂಮ್ ಕಳಿಸಬಹುದು. ಬೇರೆ ಯಾವುದಕ್ಕೂ ಮೊದಲು ನನ್ನನ್ನು ಕೇಳಿ.’ ಯಾರಿಗೆ, ಯಾವ ದಿನ ಒಪ್ಪಿದೆನೆಂಬುದು ಅದರಲ್ಲೇ ದಾಖಲಾಗುತ್ತದೆ.

ಮೊದಲ ಪರಿಚಯಕ್ಕೆ ಮಾತ್ರ ನನಗೆ ಲಿಂಕ್ಡ್‌ಇನ್ ಹಿತ. ಬರೆದವರು ಎಲ್ಲಿ, ಎಷ್ಟು ಕಾಲದಿಂದ ಕೆಲಸ ಮಾಡುತ್ತಿದ್ದಾರೆಂದು ಅಲ್ಲೇ ನೋಡಬಹುದು. ಅನುಭವ ಎಷ್ಟು ವರ್ಷ, ನೋಟಿಸ್ ಅವಧಿ 90 ದಿನ ಎಂದು ಎರಡು ಸಾಲು ಬರೆದು, ಕಚೇರಿಯ ಮೇಲ್‌ನಿಂದ ವಿವರ ಕಳಿಸುವಂತೆ ಕೋರುತ್ತೇನೆ. ಸಂಬಳದ ಮಾತು ಅಲ್ಲಿ ಎತ್ತುವುದಿಲ್ಲ. ಮೇಲ್ ಬಂದಾಗ @ ಚಿಹ್ನೆಯ ನಂತರದ ಹೆಸರು ಸಂಸ್ಥೆಯದೇ ಹೌದೇ ಎಂದು ನೋಡಿಕೊಳ್ಳುತ್ತೇನೆ.

ವಾಟ್ಸಾಪ್ ಬಳಸುವುದು ಸಂದರ್ಶನದ ದಿನ ಮಾತ್ರ. ಲಿಂಕ್ ತೆರೆಯದಿದ್ದರೆ, ಸಿಲ್ಕ್ ಬೋರ್ಡ್ ಬಳಿ ಬಸ್ ನಿಂತುಬಿಟ್ಟರೆ, ಮೇಲ್ ಕಳಿಸಿ ಕಾಯಲು ಹೊತ್ತಿರುವುದಿಲ್ಲ. ಫಲಿತಾಂಶ ಕೇಳುವುದಕ್ಕೆ ಮತ್ತೆ ಮೇಲ್‌ಗೇ ಮರಳುತ್ತೇನೆ. ಐದು ಕೆಲಸದ ದಿನ ಬಿಟ್ಟು, ಹಳೆಯ ಮೇಲ್‌ಗೇ ಉತ್ತರವಾಗಿ ಬರೆಯುತ್ತೇನೆ. ರೆಸ್ಯೂಮ್, ಹುದ್ದೆಯ ವಿವರ ಎಲ್ಲವೂ ಕೆಳಗೇ ಇರುವುದರಿಂದ ರಿಕ್ರೂಟರ್ ಅದನ್ನು ಹಾಗೆಯೇ ಮ್ಯಾನೇಜರ್‌ಗೆ ಕಳಿಸಬಹುದು.

ಸಂಬಳದ ಚರ್ಚೆ ಫೋನಿನಲ್ಲೇ ನಡೆಯುತ್ತದೆ, ಅದನ್ನು ನಾನು ತಡೆಯುವುದಿಲ್ಲ. ಎದುರಿನ ದನಿಯ ಹಿಂಜರಿಕೆ ಬರಹದಲ್ಲಿ ಸಿಗುವುದಿಲ್ಲವಲ್ಲ. ಆದರೆ ಅದೇ ಸಂಜೆ ಒಂದು ಮೇಲ್ ಹೋಗಲೇಬೇಕು. ಕಳೆದ ಸಲ ‘16 ಲಕ್ಷ’ ಎಂದು ಮಾತಾಗಿತ್ತು. ‘ಇಂದು ಮಾತನಾಡಿದಂತೆ ವರ್ಷಕ್ಕೆ 16 ಲಕ್ಷ, ಎಲ್ಲವೂ ಸ್ಥಿರ ಸಂಬಳ ಎಂದು ತಿಳಿದುಕೊಂಡಿದ್ದೇನೆ. ತಪ್ಪಿದ್ದರೆ ತಿಳಿಸಿ’ ಎಂದು ಬರೆದೆ. ಮರುದಿನ ಉತ್ತರ ಬಂತು: ಸ್ಥಿರ ಸಂಬಳ 14 ಲಕ್ಷ, ಉಳಿದ 2 ಲಕ್ಷ ವೇರಿಯಬಲ್. ಆಗಿನ್ನೂ ನಾನು ರಾಜೀನಾಮೆ ಕೊಟ್ಟಿರಲಿಲ್ಲ. ಮತ್ತೆ ಮಾತಾಡಿ ಸ್ಥಿರ ಭಾಗ 15 ಲಕ್ಷಕ್ಕೆ ಏರಿತು. ಆ ಅಂಕಿ ಇದ್ದ ಆಫರ್ ಪತ್ರ ಮೇಲ್‌ಗೆ ಬಂದ ನಂತರವೇ ರಾಜೀನಾಮೆ ಕೊಟ್ಟೆ.