ಬರೀ ಐ7 ಅಂತ ಬರೆದರೆ ಸಾಲದು: ಲ್ಯಾಪ್‌ಟಾಪ್ ವಿವರ ನಾನು ಬರೆಯುವ ರೀತಿ

ತುಮಕೂರಿನಲ್ಲಿ ನಾನು ಮಾರುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಬೆಂಗಳೂರಿನ ಆಫೀಸುಗಳಲ್ಲಿ ಬಳಸಿ ಬಿಟ್ಟವು ಲಾಟ್ ಲೆಕ್ಕದಲ್ಲಿ ಬರುತ್ತವೆ. ಒಂದೊಂದನ್ನೂ ಒರೆಸಿ, ಚೆಕ್ ಮಾಡಿ, ವಿವರ ಬರೆದು ಆನ್‌ಲೈನ್‌ಗೆ ಹಾಕುತ್ತೇನೆ. ಕೊಳ್ಳುವವರು ಬಿಸಿಎ, ಎಂಜಿನಿಯರಿಂಗ್ ಓದುವ ಮಕ್ಕಳು, ಇಲ್ಲವೇ ಗುಬ್ಬಿ, ಸಿರಾ, ಕುಣಿಗಲ್ ಕಡೆಯಿಂದ ಬರುವ ಅವರ ಅಪ್ಪಂದಿರು. ಅಂಗಡಿ ಮೆಟ್ಟಿಲು ಹತ್ತುವ ಮೊದಲೇ ಫೋನಿನಲ್ಲಿ ನಾಲ್ಕಾರು ಕಡೆ ನೋಡಿಕೊಂಡು ಬಂದಿರುತ್ತಾರೆ.

ಲಾಟ್ ಜೊತೆ ಬರುವ ಚೀಟಿಯಲ್ಲಿ ಇರುವುದು ಇಷ್ಟೇ: ಐ7, 8 ಜಿಬಿ, ಎಸ್‌ಎಸ್‌ಡಿ, ಬ್ಯಾಟರಿ ಚೆನ್ನಾಗಿದೆ. ಇದನ್ನೇ ಎತ್ತಿ ಹಾಕುವ ಅಂಗಡಿಯವರು ಬೇಕಾದಷ್ಟು ಜನ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಂಥ ಎರಡು ವಿವರ ಪಕ್ಕಪಕ್ಕ ಇಟ್ಟುಕೊಂಡು ಯಾವುದು ಮೇಲು ಅಂತ ಯಾರಿಗೂ ಹೇಳಲು ಆಗುವುದಿಲ್ಲ.

ಒಂದೇ ಲಾಟ್‌ನಲ್ಲಿ ಬಂದ ಎರಡನ್ನು ತೆಗೆದುಕೊಳ್ಳಿ. ಒಂದು ಐ7, ಇನ್ನೊಂದು ಐ5. ಐ5ಗೆ ನಾನು ಎರಡು ಸಾವಿರ ಜಾಸ್ತಿ ಹಾಕಿದ್ದೆ. ಗುಬ್ಬಿಯಿಂದ ಮಗಳ ಜೊತೆ ಬಂದಿದ್ದವರು ಕೇಳಿಯೇಬಿಟ್ಟರು, "ಅಲ್ಲ ಸಾರ್, ಐ7 ದೊಡ್ಡದಲ್ವಾ? ಇದಕ್ಕೆ ಕಮ್ಮಿ, ಅದಕ್ಕೆ ಜಾಸ್ತಿ ಅಂದ್ರೆ ಹೆಂಗೆ?"

ಉತ್ತರ ಇರುವುದು ಪೂರ್ತಿ ನಂಬರಿನಲ್ಲಿ. ಆ ಐ7 ಪ್ರೊಸೆಸರ್‌ನ ನಂಬರ್ i7-7500U. ಐ5ರದ್ದು i5-8250U. ಗೆರೆಯ ನಂತರದ ಮೊದಲ ಅಂಕಿ ಇಲ್ಲಿ ಜನರೇಷನ್ ಹೇಳುತ್ತದೆ: ಒಂದು 7ನೇದು, 2016ರದ್ದು. ಇನ್ನೊಂದು 8ನೇದು, 2017ರದ್ದು. ಒಂದು ವರ್ಷದ ಅಂತರ ಅಷ್ಟೇ, ಆದರೆ ಆ ವರ್ಷ ಇಂಟೆಲ್ ಈ ತೆಳು ಲ್ಯಾಪ್‌ಟಾಪ್‌ಗಳ ಪ್ರೊಸೆಸರ್‌ನಲ್ಲಿ ಕೋರ್ ಎರಡರಿಂದ ನಾಲ್ಕಕ್ಕೆ ಏರಿಸಿತು. ಆ ಐ7ನಲ್ಲಿ ಇರುವುದು ಎರಡೇ ಕೋರ್. ಈ ಐ5ನಲ್ಲಿ ನಾಲ್ಕು, ಅಂದರೆ ಒಟ್ಟಿಗೆ ಕೆಲಸ ಮಾಡುವ ಕೈಗಳು ದುಪ್ಪಟ್ಟು.

ಇದಕ್ಕಿಂತ ದಾರಿ ತಪ್ಪಿಸುವುದು ಗಿಗಾಹರ್ಟ್ಸ್. i7-7500Uಗೆ ಬೇಸ್ ಸ್ಪೀಡ್ 2.7, i5-8250Uಗೆ ಬರೀ 1.6. ವಿವರದಲ್ಲಿ ಇಷ್ಟೇ ಬರೆದರೆ ಐ5 ತೀರಾ ಸಪ್ಪೆಯಾಗಿ ಕಾಣುತ್ತದೆ. ಕೆಲಸದ ಒತ್ತಡ ಬಂದಾಗ ಏರುವ ಸ್ಪೀಡ್ ನೋಡಿದರೆ ಒಂದು 3.5, ಇನ್ನೊಂದು 3.4. ಹೆಚ್ಚುಕಮ್ಮಿ ಸರಿಸಮ. ಅದಕ್ಕೇ ನಾನು ಗಿಗಾಹರ್ಟ್ಸ್ ಬರೆಯುವುದನ್ನೇ ಬಿಟ್ಟಿದ್ದೇನೆ. ಪೂರ್ತಿ ನಂಬರ್, ಎಷ್ಟು ಕೋರ್, ಯಾವ ವರ್ಷದ್ದು, ಮುಗಿಯಿತು. ಅದರ ಕೆಳಗೆ ಇನ್ನೊಂದು ಸಾಲು, ವಿಂಡೋಸ್ 11 ಹೋಗುತ್ತದೋ ಇಲ್ಲವೋ ಅಂತ. ಮೈಕ್ರೋಸಾಫ್ಟ್ ಕೊಟ್ಟಿರುವ ಪಟ್ಟಿಯಲ್ಲಿ i5-8250U ಇದೆ, i7-7500U ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಮೂರು ವರ್ಷ ಓದಬೇಕಾದ ಹುಡುಗಿಗೆ ಈ ಸಾಲೇ ಮುಖ್ಯ.

ಹೊಸ ಲ್ಯಾಪ್‌ಟಾಪ್‌ನಲ್ಲೂ ಈ ಕಥೆ ತಪ್ಪಿದ್ದಲ್ಲ. ಎಎಂಡಿಯ Ryzen 5 7520U ಮತ್ತು Ryzen 5 7530U ಎರಡನ್ನೂ ಅಂಗಡಿಗಳಲ್ಲಿ "ರೈಜನ್ 5, 7000 ಸೀರೀಸ್" ಅಂತಲೇ ಬರೆಯುತ್ತಾರೆ. ಮೊದಲನೆಯದಕ್ಕೆ ನಾಲ್ಕು ಕೋರ್, ಎರಡನೆಯದಕ್ಕೆ ಆರು. ಒಂದು ಅಂಕಿ ನುಂಗಿದರೆ ಎರಡು ಕೋರ್ ಹೋಯಿತು.

ರ‍್ಯಾಮ್‌ಗೆ ಜಾಸ್ತಿ ಹೇಳಬೇಕಿಲ್ಲ. 8 ಜಿಬಿ ಅನ್ನುವುದರ ಜೊತೆ ಅದು ಒಂದೇ ಕಡ್ಡಿಯೋ ಎರಡೋ, ಇನ್ನೊಂದು ಸ್ಲಾಟ್ ಖಾಲಿ ಇದೆಯೋ, ಅಥವಾ ಬೋರ್ಡಿಗೇ ಬೆಸೆದಿದ್ದಾರೋ ಅಂತ ಬರೆಯುತ್ತೇನೆ. ಬೆಸೆದಿದ್ದು ಸ್ಲಾಟೂ ಇಲ್ಲದಿದ್ದರೆ ಮುಂದೆ ಹೆಚ್ಚಿಸಲು ದಾರಿಯಿಲ್ಲ.

ಸ್ಟೋರೇಜ್‌ನಲ್ಲಿ ಎಸ್‌ಎಸ್‌ಡಿ ಅಂದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಎಸ್‌ಎಸ್‌ಡಿಯಲ್ಲೂ ಸಾಟಾ, ಎನ್‌ವಿಎಂಇ ಅಂತ ಎರಡು ಬಗೆ. ಬಿಚ್ಚಿ ನೋಡಿದರೂ ಥಟ್ಟನೆ ಗೊತ್ತಾಗದಿರಬಹುದು, ಎರಡೂ ಒಂದೇ ಆಕಾರದ ಪುಟ್ಟ ಪಟ್ಟಿಯಾಗಿ ಬರುವುದುಂಟು. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತದೆ. ಎನ್‌ವಿಎಂಇ ಅದರ ಎಷ್ಟೋ ಪಟ್ಟು ಓಡಬಲ್ಲದು. ಪವರ್‌ಶೆಲ್ ತೆರೆದು ಇದನ್ನು ಹಾಕುತ್ತೇನೆ:

```
Get-PhysicalDisk | Select FriendlyName, MediaType, BusType, Size
```

BusType ಕೆಳಗೆ ಸಾಮಾನ್ಯವಾಗಿ SATA ಅಥವಾ NVMe ಅಂತ ಬರುತ್ತದೆ. ಅದನ್ನೇ ಬರೆಯುವುದು. ಬ್ರೌಸರ್, ವರ್ಡ್ ಅಷ್ಟೇ ಬಳಸುವವರಿಗೆ ಈ ವ್ಯತ್ಯಾಸ ಅಷ್ಟಾಗಿ ಕಾಣದು, ಅದನ್ನೂ ಕೇಳಿದವರಿಗೆ ಹೇಳುತ್ತೇನೆ. 512 ಜಿಬಿ ಅಂದಿದ್ದೀರಿ, 476 ತೋರಿಸುತ್ತಿದೆ ಅಂತ ಫೋನ್ ಬರುವುದಂತೂ ತಪ್ಪಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಯಾರೂ ಕದ್ದಿಲ್ಲ.

ಡಿಸ್‌ಪ್ಲೇಗೆ ಎಚ್‌ಡಿ ಅನ್ನುವ ಮಾತು ನಾನು ಬಳಸುವುದಿಲ್ಲ. 1366×768 ಅಥವಾ 1920×1080, ಅಂಕಿಯಲ್ಲೇ ಹಾಕುತ್ತೇನೆ. ಮೊದಲನೆಯದನ್ನೂ ಎಚ್‌ಡಿ ಅಂತಲೇ ಮಾರುತ್ತಾರೆ. ಪರದೆಯನ್ನು ಕೆಳಗಿನಿಂದ ನೋಡಿದಾಗ ಬಣ್ಣ ತಿರುಗಿ ಕಪ್ಪಾದರೆ ಅದು ಟಿಎನ್, ಹಾಗೇ ನಿಂತರೆ ಐಪಿಎಸ್ ಅಂತ ಅಂದಾಜು ಮಾಡಬಹುದು. ಪ್ಯಾನೆಲ್ ನಂಬರ್ ಸಿಗದಿದ್ದರೆ ಬ್ರೈಟ್‌ನೆಸ್ ಎಷ್ಟು ಅಂತ ಬರೆಯಲು ಹೋಗುವುದಿಲ್ಲ.

ನಿಜವಾಗಿ ಸಮಯ ತಿನ್ನುವುದು ಬ್ಯಾಟರಿ. "10 ಗಂಟೆವರೆಗೆ" ಅಂತ ಡಬ್ಬಿ ಮೇಲಿರುವುದು ಕಂಪನಿಯ ಟೆಸ್ಟಿನ ಲೆಕ್ಕ. ಎಷ್ಟೋ ಸಲ ಬ್ರೈಟ್‌ನೆಸ್ ಇಳಿಸಿ, ಲ್ಯಾಪ್‌ಟಾಪ್‌ನೊಳಗಿರುವ ವಿಡಿಯೋ ಓಡಿಸಿ ಅಳೆದದ್ದಾಗಿರುತ್ತದೆ. ಕಂಪನಿಗೊಂದು ಟೆಸ್ಟ್ ಇರುವಾಗ ಆ ಗಂಟೆಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಎಂಎಎಚ್ ಕೂಡ ಬೇಡ. 7.6 ವೋಲ್ಟ್‌ನ 5,000 ಎಂಎಎಚ್ ಅಂದರೆ 38 ವ್ಯಾಟ್‌ಅವರ್. 11.4 ವೋಲ್ಟ್‌ನ 4,000 ಎಂಎಎಚ್ ಅಂದರೆ 45.6. ಎಂಎಎಚ್ ಕಮ್ಮಿ ಇರುವುದರಲ್ಲೇ ಶಕ್ತಿ ಜಾಸ್ತಿ! ಹಾಗಾಗಿ ವ್ಯಾಟ್‌ಅವರ್ ಒಂದನ್ನೇ ಬರೆಯುತ್ತೇನೆ. ಹಳೆಯದಾದರೆ ಹುಟ್ಟಿನಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ಎರಡೂ ಬೇಕು:

```
powercfg /batteryreport
```

ಇದು battery-report.html ಅನ್ನುವ ಫೈಲ್ ಮಾಡಿಕೊಡುತ್ತದೆ. ಮೇಲೆ ಹೇಳಿದ ಐ5ರಲ್ಲಿ DESIGN CAPACITY 42,000, FULL CHARGE CAPACITY 29,400 ಬಂತು. ಅಂದರೆ 42 ವ್ಯಾಟ್‌ಅವರ್‌ನಲ್ಲಿ ಉಳಿದಿರುವುದು 29.4, ನೂರಕ್ಕೆ 70.

ಆಮೇಲೆ ಪೂರ್ತಿ ಚಾರ್ಜ್ ಮಾಡಿ, ವೈಫೈ ಹಾಕಿ, ಬ್ರೈಟ್‌ನೆಸ್ ಅರ್ಧಕ್ಕಿಟ್ಟು ಒಂದು ಗಂಟೆ ಯೂಟ್ಯೂಬ್ ಓಡಿಸಿದೆ. ನೂರರಿಂದ 76ಕ್ಕೆ ಇಳಿಯಿತು. 29.4ರಲ್ಲಿ ನೂರಕ್ಕೆ 24 ಅಂದರೆ ಸುಮಾರು 7, ಗಂಟೆಗೆ ಇಷ್ಟು ತಿನ್ನುತ್ತದೆ. ಕೊನೆಯ ಹತ್ತು ಪರ್ಸೆಂಟ್ ಬಿಟ್ಟು ಲೆಕ್ಕ ಹಾಕಿದರೆ ಮೂರೂಮುಕ್ಕಾಲು ಗಂಟೆ. ಬ್ಯಾಟರಿ ಹೊಸದಾಗಿದ್ದರೆ ಇದೇ ಲೆಕ್ಕಕ್ಕೆ ಐದು ಗಂಟೆ ದಾಟುತ್ತಿತ್ತು. ವಿವರದಲ್ಲಿ ಮೂರೂವರೆ ಅಂತ ಹಾಕಿದೆ, ಹೇಗೆ ಅಳೆದೆ ಅನ್ನುವುದನ್ನೂ ಸೇರಿಸಿದೆ.

ಈ ರಿಪೋರ್ಟನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅದು ಬ್ಯಾಟರಿ ತಾನೇ ಹಾಕಿಕೊಂಡ ಅಂದಾಜು. ಬಹಳ ದಿನ ಮೂಲೆಯಲ್ಲಿ ಬಿದ್ದಿದ್ದರೆ ಅಂದಾಜು ತಪ್ಪುತ್ತದೆ. ಒಮ್ಮೆ ಪೂರ್ತಿ ತುಂಬಿಸಿ, ಪೂರ್ತಿ ಇಳಿಸಿ, ಮತ್ತೆ ತುಂಬಿಸಿ ನೋಡಬೇಕು. ಹಳೆ ಲ್ಯಾಪ್‌ಟಾಪ್‌ನಲ್ಲಿ ಎರಡೂ ಅಂಕಿ ಚೂರೂ ವ್ಯತ್ಯಾಸವಿಲ್ಲದೆ ಒಂದೇ ಇದ್ದರೆ ನನಗೆ ಅನುಮಾನ. ಯಾರೋ ಅಗ್ಗದ ಬ್ಯಾಟರಿ ಹಾಕಿರುತ್ತಾರೆ. ಅಂಥದ್ದನ್ನು ಓಡಿಸಿ ನೋಡಿದರೆ 40ರವರೆಗೆ ನಿಧಾನಕ್ಕೆ ಇಳಿದು, ಅಲ್ಲಿಂದ ದಬಕ್ಕನೆ ಆಫ್ ಆದರೂ ಆಶ್ಚರ್ಯವಿಲ್ಲ. ಅದಕ್ಕೆ ಗಂಟೆ ಬರೆಯುವುದಿಲ್ಲ. "ಬ್ಯಾಟರಿ ಬದಲಿಸಿದ್ದು, ಕಂಪನಿಯದ್ದಲ್ಲ, ಚಾರ್ಜರ್ ಹಾಕಿಕೊಂಡೇ ಬಳಸಿ" ಅಂತ ಬರೆದು, ಹೊಸ ಬ್ಯಾಟರಿಗೆ ಆಗುವ ಖರ್ಚು ಬೆಲೆಯಲ್ಲಿ ಕಳೆದು ಹಾಕುತ್ತೇನೆ.