‘ಆ ಕಾಯಿನ್ ನಾನ್ಯಾಕೆ ತಗೊಳ್ಳಲಿಲ್ಲ?’ ಗೆಳೆಯನಿಗೆ ಉತ್ತರ ಬರೆಯುವುದು ಹೀಗೆ

2025ರ ಜನವರಿ 19, ಭಾನುವಾರ ಮಧ್ಯಾಹ್ನ. ಊಟ ಮುಗಿಸಿ ಕೂತಿದ್ದೆ, ಗೆಳೆಯನ ಮೆಸೇಜ್ ಬಂತು: ‘ಟ್ರಂಪ್ ಕಾಯಿನ್ 70 ಡಾಲರ್ ಆಯ್ತು ಮಗಾ, ನೀನು ತಗೊಂಡ್ಯಾ?’ ಡೊನಾಲ್ಡ್ ಟ್ರಂಪ್ ಹೆಸರಿನ ಆ ಕ್ರಿಪ್ಟೊ ಕಾಯಿನ್ ಹುಟ್ಟಿ ಎರಡು ದಿನವೂ ಆಗಿರಲಿಲ್ಲ. ನಾನು ತಗೊಂಡಿರಲಿಲ್ಲ. ‘ಇಲ್ಲ’ ಅಂತ ಒಂದೇ ಪದ ಬರೆದರೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾನೆ. ‘ಅದೆಲ್ಲ ಮೋಸ’ ಅಂದರೆ ಜಗಳ. ಇಂಥ ಉತ್ತರ ಬರೆಯಲು ಒಂದು ಕ್ರಮವಿದೆ.

ಮೊದಲ ಸಾಲಿನಲ್ಲೇ ಒಂದು ವಿಷಯ ಬಿಡಿಸಿ ಹೇಳಿ. ಬೆಲೆ ಬೀಳುತ್ತದೆ ಅನ್ನುವುದು ನಿಮ್ಮ ಮಾತಲ್ಲ, ನಿಮಗೆ ಸೆಟಪ್ ಕಾಣಲಿಲ್ಲ ಅಷ್ಟೇ. ಎರಡೂ ಬೇರೆ ಬೇರೆ. ಸೆಟಪ್ ಅಂದರೆ ಮೂರು ಬೆಲೆ: ಎಲ್ಲಿ ಕೊಳ್ಳುತ್ತೀರಿ, ಎಲ್ಲಿಗೆ ಬಂದರೆ ನಿಮ್ಮ ಲೆಕ್ಕ ತಪ್ಪಾಯಿತು ಅಂತ ಹೊರಬರುತ್ತೀರಿ, ಎಲ್ಲಿ ಲಾಭ ತೆಗೆಯುತ್ತೀರಿ. ನಡುವಿನದ್ದೇ ಸ್ಟಾಪ್ ಲಾಸ್. ಅದನ್ನು ಚಾರ್ಟ್ ಮೇಲೆ ಬೆರಳಿಟ್ಟು ತೋರಿಸಲು ಆಗದಿದ್ದರೆ ಸೆಟಪ್ ಇಲ್ಲ.

ಆಮೇಲೆ ಲೆಕ್ಕ. ಮೆಸೇಜಿನ ಜೀವ ಇರುವುದೇ ಇಲ್ಲಿ, ಆದ್ದರಿಂದ ಅವಸರ ಬೇಡ. ಟ್ರೇಡಿಂಗಿಗೆ ನಾನು ಇಟ್ಟಿದ್ದು 50,000 ರೂಪಾಯಿ. ಒಂದು ಸಲಕ್ಕೆ ಶೇ 1ಕ್ಕಿಂತ, ಅಂದರೆ 500 ರೂಪಾಯಿಗಿಂತ ಜಾಸ್ತಿ ಕಳೆದುಕೊಳ್ಳಬಾರದು ಅನ್ನುವುದು ನನ್ನ ನಿಯಮ. ಆ ಕಾಯಿನ್ ಸ್ವಲ್ಪ ನಿಂತು ಉಸಿರಾಡಿದ್ದು 30 ಡಾಲರ್ ಆಸುಪಾಸಿನಲ್ಲಿ, ಶನಿವಾರ. ಅಲ್ಲಿಂದ 70ರವರೆಗೆ ನೇರ ಏರಿಕೆ, ನಡುವೆ ಮೆಟ್ಟಿಲೇ ಇಲ್ಲ. ಸ್ಟಾಪ್ 30ಕ್ಕೆ ಇಟ್ಟರೆ ಒಂದು ಕಾಯಿನ್‌ಗೆ 40 ಡಾಲರ್ ನಷ್ಟದ ಸಾಧ್ಯತೆ. ಡಾಲರಿಗೆ 86 ರೂಪಾಯಿಯಂತೆ 3,440 ರೂಪಾಯಿ. ನನ್ನ 500 ರೂಪಾಯಿ ಮಿತಿಗೆ ಒಂದು ಕಾಯಿನ್‌ನ ಏಳನೇ ಒಂದು ಭಾಗ ಬರುತ್ತದೆ, ಅಂದರೆ ಸುಮಾರು 870 ರೂಪಾಯಿಯ ಖರೀದಿ. ನಷ್ಟದ ಎರಡರಷ್ಟು ಲಾಭ ಬೇಕಾದರೆ ಬೆಲೆ 150 ಡಾಲರ್ ಮುಟ್ಟಬೇಕು. 150 ಯಾಕೆ ಅಂದರೆ ಚಾರ್ಟಿನಲ್ಲಿ ಉತ್ತರವಿಲ್ಲ.

‘ಸ್ಟಾಪ್ 65ಕ್ಕೆ ಇಡು’ ಅಂತ ಅವನು ಹೇಳೇ ಹೇಳುತ್ತಾನೆ. ಅದಕ್ಕೂ ಒಂದು ಸಾಲು ಬರೆದಿಡಿ. ಐದು ಡಾಲರ್ ಆ ಕಾಯಿನ್ ಸುಮ್ನೆ ಅಲುಗಾಡುವ ದೂರ. ಏರುವ ಮೊದಲೇ ನಮ್ಮನ್ನು ಹೊರಗೆ ಹಾಕಿಬಿಡುತ್ತದೆ.

ತೆರಿಗೆಯನ್ನು ಬಹಳ ಜನ ಮರೆಯುತ್ತಾರೆ. ಕ್ರಿಪ್ಟೊ ಲಾಭಕ್ಕೆ ನಮ್ಮಲ್ಲಿ ಶೇ 30 ತೆರಿಗೆ, ಸೆಸ್ ಬೇರೆ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. 1,000 ರೂಪಾಯಿ ಲಾಭ ಕೈಗೆ ಬರುವಾಗ 690ರ ಹತ್ತಿರ, ನಷ್ಟದ 500 ಮಾತ್ರ ಪೂರ್ತಿ 500. ಎರಡಕ್ಕೆ ಒಂದು ಅಂದುಕೊಂಡಿದ್ದು ಒಂದೂವರೆಗೂ ಕಡಿಮೆ ಆಯ್ತು, ಅಲ್ವಾ?

ಒಟ್ಟು 100 ಕೋಟಿ ಕಾಯಿನ್‌ಗಳಲ್ಲಿ 80 ಕೋಟಿ ಟ್ರಂಪ್ ನಂಟಿನ ಸಂಸ್ಥೆಗಳ ಕೈಯಲ್ಲಿತ್ತು. ಇದನ್ನು ಹೇಳಲೇಬೇಕು ಅನ್ನಿಸಿದರೆ ಕೊನೆಗೆ ಒಂದೇ ಸಾಲಿನಲ್ಲಿ ಹೇಳಿ. ಮುಂದಕ್ಕೆ ತಂದರೆ ಮಾತು ರಾಜಕೀಯಕ್ಕೆ ಹೊರಳುತ್ತದೆ.

ಕಡೆಯದಾಗಿ, ಯಾವಾಗ ಕೊಳ್ಳುತ್ತೀರಿ ಅಂತಲೂ ಹೇಳಿ. ಇಲ್ಲದಿದ್ದರೆ ಅದು ಬರೀ ನೆಪದ ಹಾಗೆ ಕೇಳುತ್ತದೆ. ನಾನು ಕಳಿಸಿದ್ದು ಇಷ್ಟು:

‘ತಗೊಂಡಿಲ್ಲ ಮಗಾ. ಇನ್ನೂ ಏರಬಹುದು, ಏರಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ 70ಕ್ಕೆ ತಗೊಂಡ್ರೆ ಸ್ಟಾಪ್ 30ರಲ್ಲಿ ಬರತ್ತೆ. ನನ್ನ 500 ರೂಪಾಯಿ ರಿಸ್ಕಿಗೆ 870 ರೂಪಾಯಿಯದ್ದಷ್ಟೇ ಸಿಗತ್ತೆ, ಟಾರ್ಗೆಟ್ 150. ಅದಕ್ಕೆ ಕಾರಣ ಚಾರ್ಟಲ್ಲಿ ಕಾಣ್ತಿಲ್ಲ. ನಾಲ್ಕೈದು ದಿನ ಒಂದೇ ರೇಂಜಲ್ಲಿ ನಿಂತು ಅದರ ಮೇಲೆ ಹೋದ್ರೆ, ಆ ರೇಂಜಿನ ಕೆಳಗೆ ಸ್ಟಾಪ್ ಇಟ್ಟು ನೋಡ್ತೀನಿ. ನೀನು ತಗೊಂಡಿದ್ರೆ ಎಲ್ಲಿ ಹೊರಬರ್ತೀಯ ಅಂತ ಈಗಲೇ ಬರೆದಿಡು.’

ಇದನ್ನು ಫಲಿತಾಂಶ ಗೊತ್ತಾಗುವ ಮೊದಲೇ ಕಳಿಸಬೇಕು. ಬೆಲೆ ಬಿದ್ದ ಮೇಲೆ ಬರೆದರೆ ಜಂಬ, ಏರಿದ ಮೇಲೆ ಬರೆದರೆ ಸಮಜಾಯಿಷಿ.

ನಮ್ಮಲ್ಲಿ ಸೋಮವಾರ ನಸುಕಿನಲ್ಲಿ, ಊರೆಲ್ಲ ಮಲಗಿದ್ದಾಗ, ಮೆಲಾನಿಯಾ ಹೆಸರಿನ ಇನ್ನೊಂದು ಕಾಯಿನ್ ಬಂತು. ಟ್ರಂಪ್ ಕಾಯಿನ್ ಕೆಲವೇ ಗಂಟೆಗಳಲ್ಲಿ 40ರ ಆಸುಪಾಸಿಗೆ ಇಳಿಯಿತು, ಫೆಬ್ರುವರಿಯಲ್ಲಿ 20ಕ್ಕಿಂತ ಕೆಳಗೆ. ಇದನ್ನು ನಾನು ಮೊದಲೇ ಊಹಿಸಿದ್ದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಗೆಳೆಯ ಚಾರ್ಟಿನ ಫೋಟೊ ಕಳಿಸಿದ. ನಾನು ‘ಎಲ್ಲಿ ಹೊರಬಂದೆ?’ ಅಂತಷ್ಟೇ ಕೇಳಿದೆ.